ಅಂಟಿಸಿದ ಹಸಿರು ಟಿಕ್ಕು

ಅಣ್ಣನ ಅಂಗಡಿಯ ಫೋನು ತಂಗಿ ಗುಬ್ಬಿಯ ದನಿಯಲ್ಲೇ ಕೂಗುತ್ತಿತ್ತು. ಮೆಸೇಜು ಬಂದಾಗಲೆಲ್ಲ ಅದು "ಅಣ್ಣಾ, ಮೆಸೇಜ್ ಬಂತು!" ಎನ್ನುತ್ತಿತ್ತು, ಕೊನೆಯಲ್ಲಿ ಅವಳು ತಡೆಯಲಾಗದೆ ನಕ್ಕಿದ್ದ ನಗುವಿನ ತುಣುಕೂ ಸೇರಿ. ಅಂಗಡಿ ಶುರುವಾದ ಹೊಸದರಲ್ಲಿ ತಮಾಷೆಗೆಂದು ಅವಳೇ ರೆಕಾರ್ಡ್ ಮಾಡಿ ಇಟ್ಟಿದ್ದು ಅದು. ಮೊದಮೊದಲು ಗಿರಾಕಿಗಳು ಬೆಚ್ಚಿ ಸುತ್ತ ನೋಡುತ್ತಿದ್ದರು. ಆಮೇಲೆ ಎಲ್ಲರಿಗೂ ಅಭ್ಯಾಸವಾಯಿತು. ದಿನವಿಡೀ ಕೂಗುವ ದನಿಯನ್ನು ಯಾವ ಮನೆಯಲ್ಲೂ ಯಾರೂ ಕೇಳಿಸಿಕೊಳ್ಳುವುದಿಲ್ಲ, ಇಲ್ಲೂ ಹಾಗೇ ಆಯಿತು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಕಾಲು ಅಲ್ಲಾಡುವ ಬೆಂಚು. ಸರ್ಕಾರದ ಪೋರ್ಟಲ್ಲಿಗೆ ಅರ್ಜಿ ಹಾಕುವುದು, ಪತ್ರ ಬಂದ ಮೇಲೆ ಇಳಿಸಿ ಕೊಡುವುದು, ಇದೇ ಅಲ್ಲಿನ ಕೆಲಸ. ಅರ್ಜಿಯಲ್ಲಿ ಗಿರಾಕಿಯ ಮೊಬೈಲ್ ನಂಬರ್ ಕೊಟ್ಟರೆ ತಲೆನೋವು. ಪತ್ರ ಇಳಿಸುವ ಹೊತ್ತಿಗೆ ಒಬ್ಬನ ಸಿಮ್ಮು ಕಳೆದಿರುತ್ತದೆ, ಇನ್ನೊಬ್ಬಳ ಫೋನು ಗಂಡನ ಜೇಬಿನಲ್ಲಿ ಬೇರೆ ಊರಿಗೆ ಹೋಗಿರುತ್ತದೆ. ಹಾಗಾಗಿ ಅಣ್ಣ ಒಂದು ಪದ್ಧತಿ ಮಾಡಿಕೊಂಡಿದ್ದ. ಯಾರದೇ ಅರ್ಜಿಯಿರಲಿ, ನಂಬರ್ ಮಾತ್ರ ಅಂಗಡಿಯದು. ಲಾಗಿನ್ ಆಗಲು ಬೇಕಾದ ಒಟಿಪಿ ಎಲ್ಲ ಆ ಒಂದೇ ಫೋನಿಗೆ ಬರಬೇಕು, ಗುಬ್ಬಿಯ ದನಿಯಲ್ಲಿ ಕೂಗಬೇಕು. ಇಡೀ ಬಡಾವಣೆಯ ಜುಟ್ಟು ಆ ಫೋನಿನ ಕೈಯಲ್ಲಿತ್ತು ಎಂದರೂ ಸರಿಯೇ.

ಗುಬ್ಬಿ ಅಣ್ಣನಿಗೆ ಒಬ್ಬಳೇ ತಂಗಿ. ಖಾಸಗಿ ಲ್ಯಾಬೊಂದರಲ್ಲಿ ರಕ್ತ ತೆಗೆಯುವ, ಪರೀಕ್ಷೆ ಮಾಡುವ ಕೆಲಸ. ಅಲ್ಲಿ ರಜೆ ಕೇಳಿದರೆ ಮಾಲೀಕ ಕಿಡ್ನಿ ಕೇಳಿದವರನ್ನು ನೋಡುವ ಹಾಗೆ ನೋಡುತ್ತಿದ್ದ. ಅತ್ತಿಗೆಯೂ ಓದಿದ್ದು ಅದೇ ಕೋರ್ಸು, ಅದೇ ತರಗತಿ, ಒಂದೇ ಬೆಂಚು. ಅವಳನ್ನು ಮೊದಲು ಮನೆಗೆ ಕರೆತಂದವಳೇ ಗುಬ್ಬಿ. ಅಣ್ಣನ ಮುಂದೆ ಹೊಗಳಿ, ಅಮ್ಮನಿಗೆ ಬೆಣ್ಣೆ ಹಚ್ಚಿ, ಎರಡೂ ಕಡೆ ಓಡಾಡಿ ಮದುವೆ ಮಾಡಿಸಿದಳು. ಮದುವೆಯಾದ ಮೇಲೆ ನಾಲ್ಕು ಜನರ ಮುಂದೆ "ಅತ್ತಿಗೆ", ಇಬ್ಬರೇ ಇದ್ದಾಗ "ಲೇ". ಅತ್ತಿಗೆಗೆ ಲ್ಯಾಬಿನ ಕೆಲಸ ಸಿಗಲಿಲ್ಲ, ಅಂಗಡಿಯ ಕುರ್ಚಿ ಸಿಕ್ಕಿತು. ಆ ಕುರ್ಚಿಯನ್ನು ಅವಳು ಬಾಯಿ ಬಿಟ್ಟು ದೂರಲಿಲ್ಲ. ದೂರು ಹೇಳದವರನ್ನು ಕಂಡರೆ ನನಗಂತೂ ಸ್ವಲ್ಪ ಭಯ.

ಸರ್ಕಾರಿ ಆಸ್ಪತ್ರೆಯ ಲ್ಯಾಬಿಗೆ ಒಂದು ಹುದ್ದೆ ಬಂತು. ಒಂದೇ ಒಂದು, ಅದೂ ಸ್ಥಳೀಯರಿಗೆ ಮೀಸಲು. ಇಬ್ಬರೂ ಒಟ್ಟಿಗೆ ಓದಿದರು, ಒಟ್ಟಿಗೆ ಪರೀಕ್ಷೆ ಬರೆದರು. ಗುಬ್ಬಿ ಆಯ್ಕೆಯಾದಳು. ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು ಅತ್ತಿಗೆಯದು. ಫಲಿತಾಂಶ ಬಂದಾಗ ಅತ್ತಿಗೆಯೇ ಓಡಿ ಬಂದು ತಬ್ಬಿಕೊಂಡಳು. "ನೀನಾದ್ರೇನು, ನಾನಾದ್ರೇನು" ಎಂದಳು. ಅದು ನಿಜವಾಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಗುಬ್ಬಿಗೆ ಆ ಕೆಲಸ ಬರೀ ಕೆಲಸವಾಗಿರಲಿಲ್ಲ. ಹೆಂಡತಿ ಸತ್ತ ಒಬ್ಬ ಮಿಲ್ಲಿನ ಮಾಲೀಕ ಅವಳನ್ನು ಕೇಳಿದ್ದ. ನೋಡಲು ಬಂದವನು ಅವಳ ಮುಖ ನೋಡಲಿಲ್ಲ. ಅವಳ ಕೈ ನೋಡಿ "ಗಟ್ಟಿಯಾಗಿದೆ, ನಮ್ಮಮ್ಮನ್ನ ಎತ್ತಿ ಕೂರಿಸಬಹುದು" ಎಂದಿದ್ದ. ಹಾಸಿಗೆ ಹಿಡಿದ ತಾಯಿಗೆ ಆಳು ಹುಡುಕುತ್ತಿದ್ದವನು ಅದಕ್ಕೆ ಮದುವೆ ಎಂದು ಹೆಸರಿಟ್ಟಿದ್ದ, ಅಷ್ಟೇ. ಗುಬ್ಬಿ ಅತ್ತು ರಂಪ ಮಾಡಿದಾಗ ಅಣ್ಣ ಅವಳ ತಲೆ ಮೇಲೆ ಕೈಯಿಟ್ಟು ಹೇಳಿದ್ದ, "ಸರ್ಕಾರಿ ಕೆಲಸ ಸಿಕ್ಕಿದ್ರೆ ಆ ಮಾತು ಎತ್ತೋದೇ ಇಲ್ಲ. ನಿನ್ನ ಕಾಲ ಮೇಲೆ ನೀನು ನಿಲ್ತೀಯ, ಬಿಡು." ಕೆಲಸ ಸಿಗದಿದ್ದರೆ ಏನೆಂದು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ದಾಖಲೆ ಪರಿಶೀಲನೆಗೆ ವಾಸಸ್ಥಳ ಪ್ರಮಾಣಪತ್ರ ಬೇಕಿತ್ತು. ಅತ್ತಿಗೆಯೇ ಇಬ್ಬರ ಅರ್ಜಿಯನ್ನೂ ಒಂದೇ ದಿನ ಹಾಕಿದಳು. ಪತ್ರಗಳು ಬಂದವು.

ಆ ದಿನ ಗುಬ್ಬಿ ಕೆಲಸ ಮುಗಿಸಿ ಬಂದಾಗ ಅತ್ತಿಗೆ ಒಬ್ಬ ಪೇಂಟರನ ಮೇಲೆ ಹರಿಹಾಯುತ್ತಿದ್ದಳು. ಅವನ ಪ್ರಮಾಣಪತ್ರದಲ್ಲಿ ಹಳೆಯ ಮನೆಯ ವಿಳಾಸವಿತ್ತು, ಅದೊಂದು ಸಾಲು ಬದಲಿಸಿ ಕೊಡು ಎಂದು ಅವನು ಗೋಗರೆಯುತ್ತಿದ್ದ.

"ಇದು ಕಾಗದ ಅಲ್ಲಪ್ಪ, ಡಿಜಿಟಲ್ ಸಹಿ ಇರೋ ಫೈಲು. ಸಹಿ ಹಾಕೋವಾಗ ಇಡೀ ಫೈಲಿನ ಲೆಕ್ಕ ತೆಗೆದು ಸಹಿಯೊಳಗೆ ಬೀಗ ಹಾಕಿರ್ತಾರೆ. ಒಂದು ಚುಕ್ಕೆ ಬದಲಾದ್ರೂ ಆ ಲೆಕ್ಕ ತಾಳೆ ಆಗಲ್ಲ, ಸಹಿ ಸತ್ತ ಹಾಗೇನೇ. ಪ್ರಿಂಟ್ ಕೊಟ್ಟು ಮತ್ತೆ ಪಿಡಿಎಫ್ ಮಾಡಿದ್ರೆ ಇನ್ನೂ ಚೆಂದ. ಸಹಿ ಇರೋದೇ ಇಲ್ಲ, ಸಹಿಯ ಚಿತ್ರ ಇರತ್ತೆ. ಹೋಗು, ತಿದ್ದುಪಡಿಗೆ ಅರ್ಜಿ ಹಾಕು, ಹೊಸದು ಬರತ್ತೆ."

ಪೇಂಟರ್ ಮುಖ ಸಣ್ಣದು ಮಾಡಿಕೊಂಡು ಹೋದ. ಗುಬ್ಬಿ ಚಪ್ಪಲಿ ಬಿಡುತ್ತಾ ಅರ್ಧಂಬರ್ಧ ಕೇಳಿಸಿಕೊಂಡಳು. ದಿನವಿಡೀ ನಿಂತ ಕಾಲಿನವರಿಗೆ ಕಿವಿ ಅಷ್ಟೇ ಕೆಲಸ ಮಾಡುತ್ತದೆ.

"ನಿಂದು ಬಂದಿದೆ, ನೋಡು ಬಾ" ಎಂದಳು ಅತ್ತಿಗೆ.

ಪರದೆಯ ಮೇಲೆ ಪ್ರಮಾಣಪತ್ರವಿತ್ತು. ಕೆಳಗೆ, ಅಧಿಕಾರಿಯ ಸಹಿಯಿರುವ ಜಾಗದಲ್ಲಿ, ದೊಡ್ಡದೊಂದು ಹಳದಿ ಪ್ರಶ್ನೆ ಚಿಹ್ನೆ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ಸಹಿ ಪರಿಶೀಲನೆಯಾಗಿಲ್ಲ ಎಂಬ ಸಾಲು.

"ಲೇ, ಇದೇನಿದು? ಸಹಿ ಸರಿ ಇಲ್ವಾ?"

ಇಲ್ಲಿ ಅತ್ತಿಗೆ ಒಂದು ಮಾತು ಹೇಳಬಹುದಿತ್ತು. ಆ ಚಿಹ್ನೆ ಪತ್ರದ ತಪ್ಪಲ್ಲ, ಈ ಕಂಪ್ಯೂಟರಿಗೆ ಸಹಿ ಹಾಕಿದವರ ಗುರುತು ಇನ್ನೂ ಇಲ್ಲ, ಗುರುತು ಸೇರಿಸಿ ಪರಿಶೀಲಿಸು ಎಂದರೆ ಅದೇ ಹಸಿರು ಟಿಕ್ಕಾಗುತ್ತದೆ, ಪತ್ರ ಮುಟ್ಟಬೇಕಾಗಿಲ್ಲ ಎಂದು. ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ ಮಾತೇ. ಅವಳು ಪರದೆಯನ್ನು ನೋಡಿದಳು, ಗುಬ್ಬಿಯ ಮುಖ ನೋಡಿದಳು. ಎಷ್ಟು ಹೊತ್ತು ನೋಡಿದಳೋ, ಮೌಸಿನ ಮೇಲಿದ್ದ ಬೆರಳು ಮಾತ್ರ ಅಲ್ಲಾಡಲಿಲ್ಲ.

"ಒಂದೊಂದು ಸಲ ಹೀಗೆ ಬರತ್ತೆ ಕಣೆ. ಪ್ರಶ್ನೆ ಚಿಹ್ನೆ ಇಟ್ಕೊಂಡು ಹೋದ್ರೆ ಅಲ್ಲಿ ಸಾವಿರ ಪ್ರಶ್ನೆ ಕೇಳ್ತಾರೆ. ತಾಳು, ಸರಿ ಮಾಡಿಕೊಡ್ತೀನಿ."

ಬೇರೆ ಯಾರದೋ ಪತ್ರದಿಂದ ಹಸಿರು ಟಿಕ್ಕಿನ ಚಿತ್ರ ಕತ್ತರಿಸಿ ತಂದಳು. ಹಳದಿ ಚಿಹ್ನೆಯ ಮೇಲೆ ಬಿಳಿ ಚೌಕ ಎಳೆದು ಮುಚ್ಚಿದಳು, ಅದರ ಮೇಲೆ ಟಿಕ್ಕನ್ನು ಕೂರಿಸಿದಳು, ಅಂಚು ನೇರ ಮಾಡಿದಳು. ಪ್ರಿಂಟ್ ಒತ್ತಿ, ಪ್ರಿಂಟರಿಗೆ ಕಳಿಸುವ ಬದಲು ಪಿಡಿಎಫ್ ಆಗಿ ಉಳಿಸಿದಳು. ಪ್ರಮಾಣಪತ್ರ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ಹೆಣಕ್ಕೆ ಪೌಡರ್ ಹಚ್ಚಿದರೂ ಚೆನ್ನಾಗಿಯೇ ಕಾಣುತ್ತದೆ.

"ಎರಡೆರಡು ಇದ್ರೆ ಅಲ್ಲಿ ಗೊಂದಲ ಮಾಡ್ಕೊತೀಯ, ಹಳೇದು ಅಳಿಸಿಬಿಡ್ತೀನಿ" ಎಂದು ಹಳದಿ ಚಿಹ್ನೆಯ ಫೈಲನ್ನು ಅಳಿಸಿದಳು. ಹೊಸದನ್ನು ಪೆನ್‌ಡ್ರೈವಿಗೆ ಹಾಕಿ ಗುಬ್ಬಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಗುಬ್ಬಿಗೆ ಕಣ್ಣು ತುಂಬಿ ಬಂತು. "ನೀನಿಲ್ದಿದ್ರೆ ನಾನೇನು ಮಾಡ್ತಿದ್ದೆ?" ಎಂದಳು, ಪೆದ್ದಿ.

ಪರಿಶೀಲನೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಕಾಯುವ ಪಟ್ಟಿಯವರನ್ನೂ ಅದೇ ದಿನ ಕರೆದಿದ್ದರು. ಆಯ್ಕೆಯಾದವರ ದಾಖಲೆ ಸರಿಯಿಲ್ಲದಿದ್ದರೆ ಅಲ್ಲೇ ಮುಂದಿನವರದು ನೋಡಿ, ಆ ಸಂಜೆಯೇ ಪಟ್ಟಿ ಮುಗಿಸಬೇಕೆಂದು ಆದೇಶ. ಆಸ್ಪತ್ರೆಯ ಕಚೇರಿಯ ಉದ್ದನೆಯ ಕೋಣೆಯಲ್ಲಿ ಮೇಜುಗಳು, ಹೊರಗೆ ಮೊಸಾಯಿಕ್ ನೆಲದ ಓಣಿಯಲ್ಲಿ ಬೆಂಚು. ಅತ್ತಿಗೆ ಬೆಂಚಿನ ತುದಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟು ಕೂತಳು. ಗುಬ್ಬಿಯನ್ನು ಒಳಗೆ ಕರೆಯುವಾಗಲೇ ಮಧ್ಯಾಹ್ನ ಮುಗಿಯುತ್ತಾ ಬಂದಿತ್ತು.

ಮೇಜಿನ ಅಧಿಕಾರಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಿದ್ದವನು. ಅವನ ಪಕ್ಕದಲ್ಲಿ ಕಂಪ್ಯೂಟರ್ ಆಪರೇಟರ್ ಹೆಂಗಸು. ಪೆನ್‌ಡ್ರೈವ್ ಹಾಕಿ ಫೈಲ್ ತೆರೆದಳು, ಹುಬ್ಬು ಗಂಟಿಕ್ಕಿದಳು, ಪರದೆಯನ್ನು ಅಧಿಕಾರಿಯ ಕಡೆ ತಿರುಗಿಸಿದಳು. ಅಧಿಕಾರಿಯ ಮುಖದಲ್ಲಿ ನಿದ್ದೆ ಹಾರಿ ಲವಲವಿಕೆ ಬಂತು. ಅವನಂಥವರಿಗೆ ದಿನಕ್ಕೊಬ್ಬ ಕಳ್ಳ ಸಿಗದಿದ್ದರೆ ಊಟ ರುಚಿಸುವುದಿಲ್ಲ.

"ಬಾಮ್ಮ ಈ ಕಡೆ. ಈ ಹಸಿರು ಟಿಕ್ಕಿನ ಮೇಲೆ ಕ್ಲಿಕ್ ಮಾಡ್ತೀನಿ, ನೋಡು. ಏನಾದ್ರೂ ತೆರೀತಾ?"

"ಇಲ್ಲ ಸರ್."

"ತೆರೆಯಲ್ಲ. ಗೋಡೆ ಮೇಲೆ ಬಾಗಿಲು ಬರೆದು ತಟ್ಟಿದ್ರೆ ಯಾರು ತೆಗೀತಾರೆ? ನಿಜವಾದ ಸಹಿ ಆಗಿದ್ರೆ ಯಾರು ಹಾಕಿದ್ದು, ಯಾವಾಗ ಹಾಕಿದ್ದು, ಆಮೇಲೆ ಫೈಲು ಬದಲಾಗಿದೆಯಾ ಅಂತ ಎಲ್ಲ ಹೇಳತ್ತೆ. ಇದ್ರಲ್ಲಿ ಸಹೀನೇ ಇಲ್ಲ. ಟಿಕ್ಕು ಅಂಟಿಸಿದಾರೆ, ಪಿಡಿಎಫ್‌ಗೆ ಪ್ರಿಂಟ್ ಹೊಡೆದಿದಾರೆ." ದನಿಯನ್ನು ಪಕ್ಕದ ಮೇಜಿಗೂ ಕೇಳುವಷ್ಟು ಏರಿಸಿದ. "ನೋಡ್ರಪ್ಪ, ಈಗ ಟಿಕ್ಕನ್ನೂ ಮನೇಲೇ ತಯಾರು ಮಾಡ್ತಾರೆ!"

ಎರಡು ಮೇಜಿನವರು ನಕ್ಕರು. ಗುಬ್ಬಿ ಚೀಲದೊಳಗಿನ ಕಾಗದ ತೆಗೆದಳು. "ಸರ್, ಪ್ರಿಂಟೂ ತಂದಿದೀನಿ."

"ಇದರ ಪ್ರಿಂಟು ತಾನೇ? ಕಾಗದದಲ್ಲಿ ಏನು ನೋಡ್ಲಿ? ಸಹಿ ಇರೋದು ಫೈಲಿನೊಳಗೆ."

"ಅದರ ಮೇಲಿರೋ ನಂಬರ್ ಪೋರ್ಟಲ್ಲಿನಲ್ಲಿ ಹಾಕಿ ನೋಡಿ ಸರ್, ನಂದೇ ಅಂತ ಬರತ್ತೆ."

"ಆ ನಂಬರಿನ ಪತ್ರ ಒಂದು ಕೊಟ್ಟಿದಾರೆ ಅಂತ ಬರತ್ತೆ. ನೀನು ತಂದಿರೋದು ಅದೇನಾ, ಒಳಗೆ ಇನ್ನೇನು ತಿದ್ದಿದೀಯ ಅಂತ ಬರಲ್ಲ. ಸಹಿ ಮುರಿಯದ ಫೈಲು ತರಬೇಕು ಅಂತ ಕರೆಯೋಲೆಯಲ್ಲೇ ಬರೆದಿದೀವಿ. ನೀನು ಲ್ಯಾಬಿನವಳು ತಾನೇ? ಸೀಲ್ ಒಡೆದ ಸ್ಯಾಂಪಲ್ ತಂದುಕೊಟ್ಟು ಒಳಗಿರೋದು ಅದೇ ರಕ್ತ ಅಂದ್ರೆ ತಗೋತೀಯಾ?"

ತೆಗೆದುಕೊಳ್ಳುವುದಿಲ್ಲ. ಎಷ್ಟೋ ಸಲ ಅವಳೇ ಹಾಗೆ ತಿರುಗಿಸಿ ಕಳಿಸಿದ್ದಾಳೆ, ಅಂಗಲಾಚಿದವರನ್ನೂ ಬಿಟ್ಟಿಲ್ಲ. ಆಗ ಅವಳಿಗೆ ಪೇಂಟರನಿಗೆ ಬಿದ್ದ ಬೈಗುಳ ನೆನಪಾಯಿತು. ಸಹಿ ಇರೋದೇ ಇಲ್ಲ, ಸಹಿಯ ಚಿತ್ರ ಇರತ್ತೆ. ನೆನಪಾದದ್ದನ್ನು ಅವಳು ನಂಬಲಿಲ್ಲ, ಆತುರದಲ್ಲಿ ಮರೆತಿರಬೇಕು ಪಾಪ ಎಂದು ತನಗೆ ತಾನೇ ಹೇಳಿಕೊಂಡಳು.

"ಯಾರು ಮಾಡಿಕೊಟ್ರು ಇದನ್ನ?"

"ನಂಗೇ ಗೊತ್ತಾಗದೆ ಆಯ್ತು ಸರ್" ಎಂದಳು. ಅತ್ತಿಗೆಯನ್ನು ಬಿಟ್ಟುಕೊಡಲಿಲ್ಲ.

ಆಪರೇಟರ್ ಹೆಂಗಸಿಗೆ ಯಾಕೋ ಕರುಣೆ ಬಂತು. "ಸರ್, ಐದು ಗಂಟೆವರೆಗೆ ಸಮಯ ಇದೆಯಲ್ಲ, ಇಲ್ಲೇ ಪೋರ್ಟಲ್ ತೆರೆದು ಹೊಸದಾಗಿ ಇಳಿಸಿಕೊಳ್ಳಲಿ. ಮೂಲ ಅಲ್ಲೇ ಇರತ್ತೆ."

ಅಧಿಕಾರಿ ಗೊಣಗುತ್ತಾ ಒಪ್ಪಿದ. "ಯಾವ ನಂಬರಿಗೆ ಒಟಿಪಿ ಹೋಗತ್ತೆ?"

ಗುಬ್ಬಿ ಓಣಿಗೆ ಓಡಿದಳು. ಅತ್ತಿಗೆ ಎದ್ದು ನಿಂತಳು. ವಿಷಯ ಕೇಳಿ ಕೆನ್ನೆಗೆ ಕೈ ಹಚ್ಚಿಕೊಂಡಳು. "ಅಯ್ಯೋ ದೇವರೇ, ನಂಗೇನು ಗೊತ್ತಿತ್ತು!"

"ಅದಿರಲಿ. ಅಂಗಡಿ ಫೋನ್ ನಿನ್ನ ಹತ್ರ ಇದೆಯಾ?"

"ಇಲ್ಲ, ನಿಮ್ಮಣ್ಣನ ಹತ್ರ ಅಂಗಡೀಲೇ ಇದೆ."

ಗುಬ್ಬಿಗೆ ಹೋದ ಜೀವ ಬಂದ ಹಾಗಾಯಿತು. ಅಣ್ಣನ ಹತ್ತಿರ ಇದ್ದರೆ ಮುಗಿಯಿತು, ಇನ್ನೇನು ಭಯ! ತಿರುಗಿ ಒಳಗೆ ಓಡಿದಳು. ಬಾಗಿಲಲ್ಲಿ ಒಮ್ಮೆ ಹಿಂದಿರುಗಿ ನೋಡಿದಾಗ ಅತ್ತಿಗೆ ಗೋಡೆಯ ಕಡೆ ಮುಖ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು, ತನ್ನ ಫೋನಿನಲ್ಲಿ ಮಾತಾಡುತ್ತಿದ್ದಳು. ಅಣ್ಣನಿಗೆ ಮೊದಲೇ ಹೇಳಿ ಇಡುತ್ತಿದ್ದಾಳೆ ಎಂದುಕೊಂಡಳು ಗುಬ್ಬಿ. ಅದು ಸರಿಯಾಗಿಯೇ ಇತ್ತು.

ಆಪರೇಟರ್ ಪೋರ್ಟಲ್ ತೆರೆದು ಅಂಗಡಿಯ ನಂಬರ್ ಹಾಕಿದಳು. ಗುಬ್ಬಿ ಅಣ್ಣನ ಸ್ವಂತ ಫೋನಿಗೆ ಕರೆ ಮಾಡಿದಳು. ಎರಡು ಸಲ ಬಿಜಿ ಬಂತು. ಮೂರನೆಯ ಸಲ ಎತ್ತಿದ.

"ಅಣ್ಣ, ಅಂಗಡಿ ಫೋನಿಗೆ ಒಂದು ಒಟಿಪಿ ಬರತ್ತೆ, ಬೇಗ ಓದಿ ಹೇಳು. ಇಲ್ದಿದ್ರೆ ಕೆಲಸ ಹೋಗತ್ತೆ ಅಣ್ಣ."

"ಹೂಂ" ಎಂದ ಅಣ್ಣ.

ಆಪರೇಟರ್ ಗುಂಡಿ ಒತ್ತಿದಳು. ಗುಬ್ಬಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು. ಆ ಕಡೆ ಫ್ಯಾನು ತಿರುಗುವ ಸದ್ದು. ಆಮೇಲೆ ಅಂಗಡಿಯ ಮೇಜಿನ ಮೇಲಿಂದ, ಸ್ಪಷ್ಟವಾಗಿ, ಅವಳದೇ ದನಿ ಕೂಗಿತು.

"ಅಣ್ಣಾ, ಮೆಸೇಜ್ ಬಂತು!"

ನಗುವಿನ ತುಣುಕೂ ಕೇಳಿಸಿತು. ಗುಬ್ಬಿ ಪೆನ್ನು ಹಿಡಿದು ಬಾಗಿದಳು. "ಹೇಳು ಅಣ್ಣ."

"ಇನ್ನೂ ಬಂದಿಲ್ಲ ಗುಬ್ಬಿ."

ಅವಳಿಗೆ ಅರ್ಥವಾಗಲಿಲ್ಲ. ಯಾರಿಗೆ ತಾನೇ ತಕ್ಷಣ ಅರ್ಥವಾಗುತ್ತದೆ? ಬೇರೆ ಗಿರಾಕಿಯದು ಇರಬೇಕು ಎಂದುಕೊಂಡು, "ಮೇಡಂ, ಇನ್ನೊಂದು ಸಲ ಕಳಿಸ್ತೀರಾ?" ಎಂದಳು. ಹೆಂಗಸು ಮತ್ತೆ ಒತ್ತಿದಳು.

"ಅಣ್ಣಾ, ಮೆ—"

ಅಲ್ಲಿಗೇ ದನಿ ಕಡಿಯಿತು. ಯಾರೋ ಅದರ ಮೇಲೆ ಅಂಗೈ ಅಮುಕಿದ ಹಾಗೆ. ಅಣ್ಣ ಕೆಮ್ಮಿದ, ಬೇಕಾದ್ದಕ್ಕಿಂತ ಜೋರಾಗಿ.

"ನೆಟ್‌ವರ್ಕ್ ಸರಿ ಇಲ್ಲ ಅನ್ಸತ್ತೆ ಕಣೆ. ಏನೂ ಬರ್ತಿಲ್ಲ."

"ಅಣ್ಣ" ಎಂದಳು ಗುಬ್ಬಿ. "ಕಂಪ್ಯೂಟರಿನಲ್ಲಿ ಹಳೇ ಫೈಲು ಎಲ್ಲಾದ್ರೂ ಇದ್ರೆ ಮೇಲ್ ಮಾಡು."

"ಅವಳು ಅಳಿಸಿದಾಳಂತಲ್ಲ."

ತಾನು ಇನ್ನೂ ಹೇಳದ ಸಂಗತಿ ಅಣ್ಣನಿಗೆ ಆಗಲೇ ಗೊತ್ತಿತ್ತು.

"ಕೊನೇ ಸಲ ಕಳಿಸ್ತಿದೀನಮ್ಮ, ಆಮೇಲೆ ಇವತ್ತಿಗೆ ಬಿಡಲ್ಲ ಇದು" ಎಂದಳು ಆಪರೇಟರ್. ಒತ್ತಿದಳು. ಪರದೆಯ ಮೇಲೆ, ಕಳಿಸಲಾಗಿದೆ ಎಂದು ಬಂತು.

ಈ ಸಲ ಆ ಕಡೆಯಿಂದ ಏನೂ ಕೇಳಿಸಲಿಲ್ಲ. ದನಿಯನ್ನು ಪೂರ್ತಿ ಮುಚ್ಚಿಹಾಕಿದ್ದ. ಫ್ಯಾನಿನ ಸದ್ದು ಮಾತ್ರ.

"ನೋಡು, ನಿನಗೂ ಏನೂ ಕೇಳಿಸ್ತಿಲ್ವಲ್ಲ. ಏನೂ ಬಂದಿಲ್ಲ" ಎಂದ ಅಣ್ಣ. ಮತ್ತೆ ಮೆತ್ತಗೆ, ಚಿಕ್ಕವಳಾಗಿದ್ದಾಗ ಮಲಗಿಸಲು ಬಳಸುತ್ತಿದ್ದ ದನಿಯಲ್ಲಿ, "ನೀನು ಹೇಗೂ ಒಂದಿನ ಬೇರೆ ಮನೆಗೆ ಹೋಗೋಳು ಗುಬ್ಬಿ. ಬೇಜಾರು ಮಾಡ್ಕೊಬೇಡ."

ಗುಬ್ಬಿ ಫೋನ್ ಇಟ್ಟಳು. ಕೂಗಬೇಕೆನಿಸಿತು, ಆ ಕೋಣೆಯ ಮೇಜುಗಳನ್ನೆಲ್ಲ ಬುಡಮೇಲು ಮಾಡಬೇಕೆನಿಸಿತು. ಮಾಡಿದ್ದರೆ ನನಗೆ ಸಂತೋಷವಾಗುತ್ತಿತ್ತು. "ಬರ್ಲಿಲ್ಲ ಸರ್" ಎಂದಳು.

"ಅಂಟಿಸಿದ್ದಕ್ಕೆ ಕೇಸ್ ಹಾಕಬಹುದಿತ್ತು, ಹಾಕಲ್ಲ. ಮೂಲ ಪತ್ರ ಹಾಜರುಪಡಿಸಿಲ್ಲ ಅಂತ ಬರೀತೀನಿ. ಪುಣ್ಯ ಅಂದ್ಕೊ" ಎಂದ ಅಧಿಕಾರಿ. ಬರೆದ. ಕಾಯುವ ಪಟ್ಟಿಯ ಮೊದಲನೆಯವರನ್ನು ಕರೆಯಿರಿ ಎಂದ.

ಅತ್ತಿಗೆ ಒಳಗೆ ಬಂದು, ಗುಬ್ಬಿಯ ಭುಜ ಮೆತ್ತಗೆ ಅಮುಕಿ, ಮುಂದೆ ಹೋದಳು. ಅವಳ ಪೆನ್‌ಡ್ರೈವಿನ ಫೈಲಿಗೆ ಪೋರ್ಟಲ್ ಕೊಟ್ಟ ಉದ್ದನೆಯ ಅಂಕಿಗಳ ಹೆಸರೇ ಇತ್ತು, ಅದನ್ನೂ ಅವಳು ಬದಲಿಸಿರಲಿಲ್ಲ. ಆಪರೇಟರ್ ಅದನ್ನು ತೆರೆದಳು. ಆ ಕಂಪ್ಯೂಟರಿಗೆ ಸಹಿ ಮಾಡಿದವರ ಗುರುತು ಮೊದಲೇ ಇತ್ತು. ಒಂದು ಕ್ಷಣ ತಡೆದು, ತಾನಾಗಿಯೇ, ಹಸಿರು ಟಿಕ್ಕು ಮೂಡಿತು. ಕ್ಲಿಕ್ ಮಾಡಿದರೆ ಎಲ್ಲವೂ ತೆರೆಯಿತು. ಸಹಿ ಹಾಕಿದ ಮೇಲೆ ಈ ಪತ್ರ ಬದಲಾಗಿಲ್ಲ ಎಂದಿತು.

"ಹೀಗಿರಬೇಕು. ಮುಟ್ಟದೆ ತಂದಿದೀಯ. ಯಾರಮ್ಮ ಹೇಳಿಕೊಟ್ಟಿದ್ದು?"

"ನಮ್ಮದೇ ಅಂಗಡಿ ಸರ್. ದಿನಾ ಇದೇ ಕೆಲಸ" ಎಂದಳು ಅತ್ತಿಗೆ. ಬಾಗಿಲ ಬಳಿ ಗುಬ್ಬಿ ಇನ್ನೂ ನಿಂತಿದ್ದಾಳೆಂದು ಅವಳಿಗೆ ಗೊತ್ತಿತ್ತು.

ಮನೆಗೂ ಒಂದೇ ಬಸ್ಸಿನಲ್ಲಿ ಬಂದರು. ಗುಬ್ಬಿ ಕಿಟಕಿಯಾಚೆ ನೋಡಿದಳು, ಅತ್ತಿಗೆ ಟಿಕೆಟ್ ತೆಗೆದಳು. ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಸುದ್ದಿ ಆಗಲೇ ಬಂದಿತ್ತು. ಸೊಸೆಯನ್ನು ಒಳಗೆ ಕರೆದುಕೊಂಡು, ಮಗಳ ಕೆನ್ನೆ ಸವರಿ, "ಹೋಗಲಿ ಬಿಡು, ಕೆಲಸ ಮನೆ ಬಿಟ್ಟು ಹೋಗಲಿಲ್ವಲ್ಲ" ಎಂದಳು. ನಿಜಕ್ಕೂ ಸಮಾಧಾನ ಹೇಳುತ್ತಿದ್ದಾಳೆಂದೇ ಅವಳು ತಿಳಿದಿದ್ದಳು.

ಅಂಗಡಿಯಲ್ಲಿ ಅಣ್ಣ ಪೇಂಟರನ ತಿದ್ದುಪಡಿ ಅರ್ಜಿ ಹಾಕುತ್ತಿದ್ದ. ತಲೆ ಎತ್ತಲಿಲ್ಲ. ಕೀಲಿಮಣೆಗೆ ಹೇಳುವ ಹಾಗೆ ಹೇಳಿದ, "ಮಿಲ್ಲಿನವರು ಫೋನ್ ಮಾಡಿದ್ರು. ಭಾನುವಾರ ಬರ್ತಾರಂತೆ."

ಗುಬ್ಬಿ ಬೆಂಚಿನ ಮೇಲೆ, ಪೇಂಟರನ ಪಕ್ಕ, ಕೂತಳು. ಅಂಗಡಿಯ ಫೋನು ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಅಂಗಡಿ ನಡೆಯಬೇಕಲ್ಲ, ಅಣ್ಣ ಸಂಜೆಯೇ ಅದರ ಬಾಯಿ ಬಿಚ್ಚಿದ್ದ. ಅವನು ಗುಂಡಿ ಒತ್ತಿದ, ಅರ್ಜಿ ಒಟಿಪಿ ಕೇಳಿತು.

"ಅಣ್ಣಾ, ಮೆಸೇಜ್ ಬಂತು!"

ಕೊನೆಯ ನಗುವೂ ಕೋಣೆಯ ತುಂಬ ಕೇಳಿಸಿತು. ಅಣ್ಣನ ಕೈ ಕೀಲಿಮಣೆಯ ಮೇಲೆ ನಿಂತುಹೋಯಿತು. ಪೇಂಟರ್ ಅವನ ಮುಖ ನೋಡಿದ, ಫೋನು ನೋಡಿದ.

"ಬಂತಲ್ಲ ಅಣ್ಣ" ಎಂದಳು ಗುಬ್ಬಿ. "ಓದಿ ಹೇಳು ಅವರಿಗೆ."